ಆನ್‌ಲೈನ್ ತರಗತಿಯ ನೆನಪೋಲೆ: ಬರೆಯುವುದು ಹೇಗೆ?

ಹತ್ತನೇ ತರಗತಿಯ ಮಕ್ಕಳಿಗೆ ಶನಿವಾರ ಸಂಜೆ ಗೂಗಲ್ ಮೀಟ್‌ನಲ್ಲಿ ವೃತ್ತದ ಸ್ಪರ್ಶಕಗಳನ್ನು ರಚಿಸುವ ಪಾಠವಿದೆ, ಅದನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೆನಪಿಸಬೇಕು ಎಂದುಕೊಳ್ಳೋಣ.

ಮೊದಲ ಸಾಲಿನಲ್ಲೇ ತರಗತಿ, ವಿಷಯ, ದಿನ ಮತ್ತು ಸಮಯ ಬರಲಿ. ಮೊಬೈಲ್ ತೆರೆಯದೆ ಮೇಲಿನಿಂದಲೇ ಕಣ್ಣಾಡಿಸುವವರಿಗೆ ಕಾಣುವುದು ಅಷ್ಟೇ. ಆ ಜಾಗವನ್ನು "ಆತ್ಮೀಯ ಪೋಷಕರೇ, ತಮಗೆಲ್ಲ ನಮಸ್ಕಾರಗಳು" ಎಂಬ ಒಕ್ಕಣೆಗೆ ಕೊಡುವುದು ಸರಿಯಲ್ಲ. "ನಾಳೆ" ಎಂದಷ್ಟೇ ಬರೆದರೆ, ರಾತ್ರಿ ಕಳುಹಿಸಿದ ಸಂದೇಶವನ್ನು ಮರುದಿನ ಬೆಳಿಗ್ಗೆ ಓದುವವರು ಒಂದು ದಿನ ಮುಂದಕ್ಕೆ ಎಣಿಸುತ್ತಾರೆ. ಆದ್ದರಿಂದ ತಾರೀಖು ಮತ್ತು ವಾರ ಎರಡನ್ನೂ ಬರೆಯಿರಿ, 6 ಗಂಟೆಯ ಹಿಂದೆ "ಸಂಜೆ" ಎಂಬುದನ್ನು ಬಿಡಬೇಡಿ.

ಹೆಚ್ಚು ಎಚ್ಚರ ಬೇಕಾಗಿರುವುದು ಲಿಂಕ್ ವಿಷಯದಲ್ಲಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವನ್ನು ಪದಕ್ಕೆ ಅಂಟಿಸಿ ಬರೆಯುವುದು ನಮಗೆ ರೂಢಿ. ಅದೇ ಅಭ್ಯಾಸದಲ್ಲಿ ಲಿಂಕ್‌ನ ಬೆನ್ನಿಗೇ "ಗೆ ಸೇರಿರಿ" ಎಂದು ಬರೆದರೆ ಆ "ಗೆ" ಕೂಡ ವಿಳಾಸದ ಭಾಗವಾಗಿಬಿಡಬಹುದು, ಆಗ ಒತ್ತಿದವರಿಗೆ ತರಗತಿ ತೆರೆಯುವುದಿಲ್ಲ. ಲಿಂಕ್ ಒಂದು ಸಾಲಿನಲ್ಲಿ ಒಂಟಿಯಾಗಿರಲಿ. ಹಿಂದೆ ಮುಂದೆ ಆವರಣವಾಗಲಿ, ಪೂರ್ಣವಿರಾಮವಾಗಲಿ ಬೇಡ.

ತರಬೇಕಾದ ವಸ್ತುಗಳನ್ನು ಅಂದಿನ ಪಾಠಕ್ಕೆ ತಕ್ಕಂತೆ ಹೆಸರಿಸಿ. "ಅಗತ್ಯ ಸಾಮಗ್ರಿಗಳೊಂದಿಗೆ ಹಾಜರಾಗಿ" ಎಂದರೆ ಮಗು ನೋಟ್‌ಬುಕ್ ಮಾತ್ರ ಹಿಡಿದು ಕೂರುತ್ತದೆ, ಕೈವಾರ ಹುಡುಕಲು ಏಳುವ ಹೊತ್ತಿಗೆ ರಚನೆಯ ಮೊದಲ ಹಂತ ಮುಗಿದಿರುತ್ತದೆ.

```
10ನೇ ತರಗತಿ ಗಣಿತ: ನವೆಂಬರ್ 15, ಶನಿವಾರ, ಸಂಜೆ 6ರಿಂದ 6.45

ಸೇರಲು ಈ ಲಿಂಕ್ ಒತ್ತಿ:
https://meet.google.com/abc-defg-hij

ಜೊತೆಗಿರಲಿ: ಕೈವಾರ, ಸ್ಕೇಲ್, ಚೂಪು ಮಾಡಿದ ಪೆನ್ಸಿಲ್, ಗೆರೆಯಿಲ್ಲದ 2 ಹಾಳೆ.

ಪೋಷಕರ ಮೊಬೈಲ್‌ನಿಂದ ಸೇರುವವರು ಆ ಖಾತೆಯ ಹೆಸರನ್ನು ಮೊದಲೇ ತಿಳಿಸಿ.
```

ಲಿಂಕ್ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ. ಕೊನೆಯ ಸಾಲನ್ನು ದಯವಿಟ್ಟು ಉಳಿಸಿಕೊಳ್ಳಿ: ತಂದೆಯ ಖಾತೆಯಿಂದ ಬಂದ ಮಗು ಪರದೆಯಲ್ಲಿ ತಂದೆಯ ಹೆಸರಿನಲ್ಲೇ ಕಾಣಿಸುತ್ತದೆ, ಗುರುತು ಸಿಗದ ಶಿಕ್ಷಕರು ಒಳಗೆ ಬಿಡದಿದ್ದರೆ ತಪ್ಪು ಯಾರದೂ ಅಲ್ಲದೆ ಪಾಠ ತಪ್ಪಿಹೋಗುತ್ತದೆ.

ಗುಂಪಿಗೆ ಹಾಕುವ ಮೊದಲು ಇದನ್ನು ಸಹೋದ್ಯೋಗಿಯೊಬ್ಬರಿಗೆ ಕಳುಹಿಸಿ, ಲಿಂಕ್ ಒತ್ತಿ ನೋಡಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ 15 ನಿಮಿಷಗಳೊಳಗೆ ಸಂದೇಶವನ್ನು ತಿದ್ದಬಹುದಾದರೂ, ಅಷ್ಟರಲ್ಲಿ ಓದಿ ಮುಗಿಸಿದವರು ಮತ್ತೆ ತೆರೆದು ನೋಡುವುದು ಅಪರೂಪ. ಸಮಯವೇ ತಪ್ಪಾಗಿದ್ದರೆ ಹಳೆಯದನ್ನು ಅಳಿಸಿ, "ಸಮಯ ಬದಲಾಗಿದೆ" ಎಂದು ಆರಂಭವಾಗುವ ಹೊಸ ಸಂದೇಶವನ್ನೇ ಹಾಕಿ.

ಪೂರ್ತಿ ಸಂದೇಶ ಹಿಂದಿನ ದಿನ ಸಂಜೆಯೇ ಹೋಗಲಿ, ಏಕೆಂದರೆ ಕೈವಾರ ಇಲ್ಲದವರು ಅಂಗಡಿಗೆ ಹೋಗಿಬರಬೇಕಾಗುತ್ತದೆ. ತರಗತಿಗೆ 15 ನಿಮಿಷ ಮೊದಲು ಇನ್ನೊಮ್ಮೆ ಕಳುಹಿಸುವಾಗ ಸಮಯ ಮತ್ತು ಲಿಂಕ್ ಇದ್ದರೆ ಸಾಕು.