ಹಳೆಯ ಮನೆಯ ಮೇಲೊಂದು ಮಹಡಿ: ಸ್ಟ್ರಕ್ಚರಲ್ ಎಂಜಿನಿಯರಿಗೆ ನಾನು ಬರೆದ ಕೋರಿಕೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯನ್ನು ತಂದೆಯವರು 1984ರಲ್ಲಿ ಕಟ್ಟಿಸಿದರು. ಸೈಜುಗಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ. ಪಿಲ್ಲರ್‌ಗಳಿಲ್ಲ, ಭಾರವನ್ನೆಲ್ಲ ಗೋಡೆಗಳೇ ಹೊರುತ್ತವೆ. ಮಗನ ಸಂಸಾರಕ್ಕೆಂದು ಮಹಡಿ ಕಟ್ಟುವ ಮಾತು ಬಂದಾಗ ಮೇಸ್ತ್ರಿಯವರು ಗೋಡೆ ತಟ್ಟಿ ನೋಡಿ, "ಹಳೇ ಕಾಲದ ಗಟ್ಟಿ ಕೆಲಸ ಸಾರ್, ತಡೆಯುತ್ತೆ" ಎಂದರು. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೆ ಪಾಯದ ಅಗಲವಾಗಲಿ ಚಾವಣಿಯೊಳಗಿನ ಕಂಬಿಯ ಸ್ಥಿತಿಯಾಗಲಿ ಗೋಡೆ ತಟ್ಟಿದರೆ ತಿಳಿಯುವುದಿಲ್ಲವಾದ್ದರಿಂದ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಲಿಖಿತ ಕೋರಿಕೆ ಸಲ್ಲಿಸಲು ನಿರ್ಧರಿಸಿದೆ.

"ಮನೆ ಇನ್ನೊಂದು ಮಹಡಿ ತಡೆಯುತ್ತದೆಯೇ" ಎಂದಷ್ಟೇ ಕೇಳಿದರೆ ಉಪಯುಕ್ತ ಉತ್ತರ ಸಿಗುವುದು ಕಷ್ಟ, ಏಕೆಂದರೆ ಉತ್ತರವು ಮೇಲೆ ಏನನ್ನು, ಎಲ್ಲಿ ಕಟ್ಟುತ್ತೇವೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಈಗಿರುವ ಮನೆಯನ್ನು ಟೇಪಿನಿಂದ ಅಳೆದು ನಕ್ಷೆ ಬರೆದು, ಅದೇ ಹಾಳೆಯ ಮೇಲೆ ಮಹಡಿಯ ಗೋಡೆಗಳನ್ನು ಕೆಂಪು ಗೆರೆಯಲ್ಲಿ ಗುರುತಿಸಿದೆ. ಹಾಗೆ ಮಾಡಿದಾಗಲೇ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು: ಮಲಗುವ ಕೋಣೆಯ ಒಂದು ಗೋಡೆಯ ಕೆಳಗೆ ಗೋಡೆಯೇ ಇರಲಿಲ್ಲ, ಅದು ಬರಿಯ ಚಾವಣಿಯ ನಡುವೆ ಕೂರುತ್ತಿತ್ತು, ಇನ್ನೊಂದು ಗೋಡೆಯು, ಹಿಂದೆ ಹಾಲ್ ಮತ್ತು ಊಟದ ಮನೆಯ ನಡುವಿನ ಗೋಡೆಯನ್ನು ಒಡೆದು ಹಾಕಿಸಿದ್ದ ಬೀಮಿನ ಮೇಲೆ ಬರುತ್ತಿತ್ತು. ಮೂರು ಮೀಟರ್ ಎತ್ತರದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಒಂದು ಮೀಟರ್ ಉದ್ದಕ್ಕೆ ಗಾರೆಯೂ ಸೇರಿ ಸುಮಾರು ಒಂದೂವರೆ ಟನ್ ತೂಗುತ್ತದೆ. ಸಾವಿರ ಲೀಟರಿನ ನೀರಿನ ಟ್ಯಾಂಕ್ ತುಂಬಿದಾಗ ನೀರೊಂದೇ ಒಂದು ಟನ್. ಅದರ ಜಾಗವನ್ನೂ ಗುರುತಿಸಿದೆ.

ಪತ್ರದ ಮುಖ್ಯ ಭಾಗ ಹೀಗಿತ್ತು: "ಮಾನ್ಯರೇ, ಈ ಕಟ್ಟಡದ ಮೂಲ ಸ್ಟ್ರಕ್ಚರಲ್ ನಕ್ಷೆಗಳು ನಮ್ಮಲ್ಲಿಲ್ಲ. ಪಾಯದ ಪಕ್ಕ ಗುಂಡಿ ತೆಗೆಸಲು ಮತ್ತು ಚಾವಣಿಯ ಗಾರೆಯನ್ನು ಅಲ್ಲಲ್ಲಿ ಕೆತ್ತಿಸಲು ನಮ್ಮ ಒಪ್ಪಿಗೆಯಿದೆ. ಬಚ್ಚಲುಮನೆಯ ಚಾವಣಿ ಕೆಲವು ವರ್ಷ ಸೋರಿದೆ. ಅಡುಗೆಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಎದ್ದಿದೆ. ಪಾಯ, ಗೋಡೆ, ಬೀಮು ಮತ್ತು ಚಾವಣಿಗಳ ಬಗ್ಗೆ ಬೇರೆ ಬೇರೆಯಾಗಿ, ಲೆಕ್ಕದ ಸಮೇತ, ಸಹಿ ಮಾಡಿದ ವರದಿಯನ್ನು ನೀಡಬೇಕೆಂದು ಕೋರುತ್ತೇನೆ." ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಟ್ಟಿದ್ದೆ, ಮಳೆಗಾಲ, ಬೇಸಿಗೆ ಎರಡೂ ಕಳೆದರೂ ಬಿರುಕು ಗೆರೆ ದಾಟಿರಲಿಲ್ಲ. ಪಾಯ ಇನ್ನೂ ಕುಸಿಯುತ್ತಿದೆಯೇ ಎಂಬ ಅನುಮಾನವನ್ನು ಬಗೆಹರಿಸಲು ಇದು ನೆರವಾಗುತ್ತದೆಂದು ಅದನ್ನೂ ತಿಳಿಸಿದ್ದೆ. ತೊಂದರೆಗಳನ್ನು ಮುಚ್ಚಿಡದೆ ಬರೆಯುವುದು ಅಗತ್ಯ, ಏಕೆಂದರೆ ಅವರು ಎಲ್ಲಿ ಕೆತ್ತಿ ನೋಡಬೇಕೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ.

ಎಂಜಿನಿಯರು ಮೊದಲು ಗುಂಡಿ ತೆಗೆಸಿದರು. ನಡುಗೋಡೆಯ ಕೆಳಗೆ ಪಾಯ 75 ಸೆಂಟಿಮೀಟರ್ ಅಗಲವಿದ್ದು, ಗಟ್ಟಿಯಾದ ಕೆಂಪು ಗರಸು ಮಣ್ಣಿನ ಮೇಲೆ ನಿಂತಿತ್ತು. ಆ ಗೋಡೆ ಈಗ ಮೀಟರಿಗೆ ಸುಮಾರು ಐದೂವರೆ ಟನ್ ಭಾರವನ್ನು ಮಣ್ಣಿಗೆ ಇಳಿಸುತ್ತಿದೆ, ಮಹಡಿ ಬಂದರೆ ಒಂಬತ್ತೂವರೆ ಟನ್ ಹತ್ತಿರಕ್ಕೆ ಹೋಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅಂದರೆ ಮಣ್ಣಿನ ಮೇಲಿನ ಒತ್ತಡ ಚದರ ಮೀಟರಿಗೆ ಏಳೂಕಾಲು ಟನ್ನಿನಿಂದ ಹನ್ನೆರಡೂವರೆ ಟನ್ ಆಸುಪಾಸಿಗೆ ಏರುತ್ತದೆ. ಪರೀಕ್ಷೆಯ ನಂತರ ಆ ಮಣ್ಣಿಗೆ ಅವರು ಒಪ್ಪಿದ ಮಿತಿ ಹದಿನೈದು ಟನ್ ಆದ್ದರಿಂದ ಪಾಯ ಸಾಕಾಯಿತು.

ಚಿಂತೆಗೆ ಕಾರಣವಾದದ್ದು ಬಚ್ಚಲುಮನೆಯ ಚಾವಣಿ. ಅಲ್ಲಿ ಕಾಂಕ್ರೀಟನ್ನು ಒಡೆದು, ಆ ಹೊಸ ಮುಖದ ಮೇಲೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದರು. ಕ್ಷಾರ ಉಳಿದಿರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ; ಆ ಕ್ಷಾರವೇ ಕಂಬಿಯನ್ನು ತುಕ್ಕಿನಿಂದ ಕಾಪಾಡುವುದು. ಹಾಲ್‌ನ ಚಾವಣಿಯಲ್ಲಿ ಕಂಬಿಯ ಸುತ್ತ ಬಣ್ಣ ಚೆನ್ನಾಗಿ ಬಂತು. ಬಚ್ಚಲುಮನೆಯಲ್ಲಿ ಕಂಬಿಯನ್ನು ದಾಟಿ ಒಳಗಿನವರೆಗೂ ಬಣ್ಣವೇ ಬರಲಿಲ್ಲ, ಕಂಬಿಯೂ ಪದರ ಪದರವಾಗಿ ಉದುರುತ್ತಿತ್ತು. ಹೊರಗಿನಿಂದ ನೋಡಿದರೆ ಅಲ್ಲಿದ್ದದ್ದು ಸ್ವಲ್ಪ ಉಬ್ಬಿದ ಗಾರೆ ಮಾತ್ರ.

ವರದಿಯಲ್ಲಿ ಅವರು ಮಹಡಿಗೆ ಷರತ್ತಿನ ಒಪ್ಪಿಗೆ ಕೊಟ್ಟರು. ಬಚ್ಚಲುಮನೆಯ ಚಾವಣಿಯನ್ನು ತೆಗೆದು ಹೊಸದಾಗಿ ಹಾಕಬೇಕು. ಕೆಳಗೆ ಆಧಾರವಿಲ್ಲದ ಗೋಡೆಯನ್ನು ಎರಡಡಿ ಸರಿಸಿ ಕೆಳಗಿನ ಗೋಡೆಯ ನೇರಕ್ಕೆ ತರಬೇಕು. ಬೀಮಿನೊಳಗಿನ ಕಂಬಿ ಇಟ್ಟಿಗೆ ಗೋಡೆಯ ಭಾರಕ್ಕೆ ಸಾಲದಾದ್ದರಿಂದ ಅದರ ಮೇಲೆ ಗೋಡೆ ಕಟ್ಟದೆ ಹಗುರವಾದ ಬೋರ್ಡಿನ ಅಡ್ಡತೆರೆ ಹಾಕಬೇಕು. ಟ್ಯಾಂಕನ್ನು ಎರಡು ಗೋಡೆ ಕೂಡುವ ಮೂಲೆಯ ಮೇಲೆ ಇಡಬೇಕು. ಈ ಲೆಕ್ಕವು ಒಂದೇ ಮಹಡಿಗೆ ಸೀಮಿತವೆಂದೂ, ಅದರ ಮೇಲೆ ಮತ್ತೇನನ್ನು ಕಟ್ಟುವುದಾದರೂ ಹೊಸದಾಗಿ ಪರಿಶೀಲನೆ ಆಗಬೇಕೆಂದೂ ಸ್ಪಷ್ಟವಾಗಿ ಬರೆದರು. ತಿದ್ದಿದ ನಕ್ಷೆಯ ಪ್ರತಿಯನ್ನು ಮೇಸ್ತ್ರಿಯವರಿಗೆ ಕೊಟ್ಟೆ. ಅವರು ಅದರಂತೆ ಬಚ್ಚಲುಮನೆಯ ಚಾವಣಿಯಿಂದಲೇ ಕೆಲಸ ಶುರು ಮಾಡಿದರು.