ಹಳೇ ಪೋಸ್ಟ್ ಅಳಿಸುವ ಮೊದಲು ನಾನು ಮಾಡುವ ಕೆಲಸ

ಚುನಾವಣೆಗೆ ನಿಲ್ಲುವವರ ಸೋಷಿಯಲ್ ಮೀಡಿಯಾ ಖಾತೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ: "ಹಳೇ ಪೋಸ್ಟೆಲ್ಲ ಒಂದೇ ಸಲ ತೆಗೆಸಿಬಿಡೋಕೆ ಆಗುತ್ತಾ ಸರ್?" ಆಗುತ್ತೆ. ಇಂಥ ತಾರೀಕಿನ ಹಿಂದಿನದೆಲ್ಲ ಅಳಿಸು ಅಂದರೆ ಅಳಿಸಿಹಾಕುವ ಟೂಲ್‌ಗಳು ಬೇಕಾದಷ್ಟಿವೆ. ಆದರೆ ನಾನು ಅವುಗಳನ್ನು ಬಳಸುವುದಿಲ್ಲ. ಯಾಕೆ ಅಂತ ಒಬ್ಬ ಅಭ್ಯರ್ಥಿಯ ಉದಾಹರಣೆಯಿಂದಲೇ ಹೇಳುತ್ತೇನೆ.

ಅವರು ಮೊದಲು ಮೇಷ್ಟ್ರಾಗಿದ್ದವರು. ಎಕ್ಸ್ ಇನ್ನೂ ಟ್ವಿಟರ್ ಆಗಿದ್ದ ಕಾಲದಿಂದಲೂ ಬರೆಯುತ್ತಿದ್ದರು. ಮಾತು ಸ್ವಲ್ಪ ಖಾರ. ಅವರ ಖಾತೆಯಲ್ಲಿ ತಲೆನೋವು ತರುವ ಪೋಸ್ಟ್‌ಗಳು ಮೂರು ಬಗೆಯವು. ಎದುರಾಳಿ ನಾಯಕರೊಬ್ಬರ ಮೈಕಟ್ಟಿನ ಬಗ್ಗೆ ಮಾಡಿದ ಒರಟು ತಮಾಷೆಗಳು ಒಂದು. ಯಾವುದೋ ಕಷಾಯ ಕುಡಿದರೆ ಜ್ವರ ಬರುವುದೇ ಇಲ್ಲ ಎಂಬ ಸುಳ್ಳು ಸಂದೇಶವನ್ನು ಹಂಚಿಕೊಂಡದ್ದು ಇನ್ನೊಂದು. ಮೂರನೆಯದು ಒಬ್ಬ ಗುತ್ತಿಗೆದಾರರ ಹೆಸರು ಹಿಡಿದು ಮಾಡಿದ ಆರೋಪ. ಅದಕ್ಕೆ ಆಗಲೇ ವಕೀಲರ ನೋಟಿಸ್ ಬಂದಿತ್ತು. ಪಕ್ಷದ ಹಿರಿಯರದ್ದು ಒಂದೇ ಮಾತು: ಖಾತೆಯನ್ನು ಪೂರ್ತಿ ಕ್ಲೀನ್ ಮಾಡಿ.

ಮೊದಲು ಯಾವುದನ್ನೂ ಮುಟ್ಟಬೇಡಿ ಅಂತ ಹೇಳಿ, ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯ ಪೂರ್ತಿ ಪ್ರತಿಗೆ ಕೋರಿಕೆ ಹಾಕಿಸಿದೆ. ಅದು ತಕ್ಷಣ ಬರುವುದಿಲ್ಲ, ಒಂದು ದಿನವೋ ಜಾಸ್ತಿಯೋ ಕಾಯಬೇಕು. ಬರುವ ಜಿಪ್ ಫೈಲಿನೊಳಗೆ `data/tweets.js` ಅಂತ ಒಂದಿರುತ್ತದೆ. ಪ್ರತಿಯೊಂದು ಪೋಸ್ಟಿನ ಮಾತು, ಸಮಯ, ಐಡಿ ಎಲ್ಲ ಅದರಲ್ಲಿರುತ್ತವೆ. ಜಿಪ್ ಕೈಗೆ ಬಂದ ಕೂಡಲೇ, ಬಿಚ್ಚುವ ಮೊದಲೇ, ಅದರ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಉದ್ದ ಸಂಖ್ಯೆ, ತೆಗೆದು ಅಭ್ಯರ್ಥಿಯ ವಕೀಲರಿಗೆ ಇಮೇಲ್ ಮಾಡಿದೆ.

```
sha256sum archive.zip
```

ಫೈಲಿನಲ್ಲಿ ಆಮೇಲೆ ಒಂದೇ ಒಂದು ಅಕ್ಷರ ಬದಲಾದರೂ ಈ ಹ್ಯಾಶ್ ಬೇರೆಯೇ ಆಗುತ್ತದೆ. ಇದು ಯಾಕೆ ಬೇಕಾಯಿತು ಅಂತ ಮುಂದೆ ಬರುತ್ತದೆ.

ಆಮೇಲೆ ಹೊರಗಿನವರ ಕಣ್ಣಿನಿಂದ ನೋಡಿದೆ. ವೆಬ್ ಪುಟಗಳ ಹಳೇ ಪ್ರತಿಗಳನ್ನು ಕೂಡಿಡುವ, ಇಂಟರ್ನೆಟ್ ಆರ್ಕೈವ್ ನಡೆಸುವ ವೇಬ್ಯಾಕ್ ಮಷಿನ್‌ನಲ್ಲಿ ಈ ಖಾತೆಯ ಯಾವ ಯಾವ ಪೋಸ್ಟ್ ಉಳಿದಿದೆ ಅಂತ ಕೇಳುವುದಕ್ಕೆ ಒಂದು ಸಾಲು ಸಾಕು:

```
https://web.archive.org/cdx/search/cdx?url=twitter.com/USERNAME/status/*&fl=timestamp,original&collapse=urlkey
```

ಇದರಲ್ಲಿ ಬಂದ ಪಟ್ಟಿಯನ್ನೂ ಖಾತೆಯಲ್ಲಿ ಈಗ ಇರುವುದನ್ನೂ ಪಕ್ಕ ಪಕ್ಕ ಇಟ್ಟರೆ, ಏನೇನು ಅಳಿಸಿದ್ದಾರೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಎದುರು ಪಕ್ಷದ ಹುಡುಗರೂ ಇದನ್ನೇ ಮಾಡುತ್ತಾರೆ, ಪತ್ರಕರ್ತರೂ ಇದನ್ನೇ ಮಾಡುತ್ತಾರೆ. ಅಂದರೆ ಡಿಲೀಟ್ ಒತ್ತಿದ ಕ್ಷಣದಲ್ಲಿ ನೀವೇ "ಇದನ್ನು ಓದಿ" ಅಂತ ಗುರುತು ಹಾಕಿಕೊಟ್ಟ ಹಾಗೆ. ಸಾವಿರಾರು ಪೋಸ್ಟ್‌ಗಳಲ್ಲಿ ಹುಡುಕುವ ಕಷ್ಟ ಅವರಿಗೆ ತಪ್ಪಿತು, ಅಲ್ವಾ?

ಆರ್ಕೈವ್‌ನಲ್ಲಿ ಇಲ್ಲದಿದ್ದರೂ ಕುರುಹು ಉಳಿಯುತ್ತದೆ. ಮೂಲ ಪೋಸ್ಟ್ ಹೋದರೂ ಅದಕ್ಕೆ ಬೇರೆಯವರು ಕೊಟ್ಟ ಉತ್ತರಗಳು ಹೋಗುವುದಿಲ್ಲ. ಮೇಲೆ, ಬರೆದವರೇ ಇದನ್ನು ಅಳಿಸಿದ್ದಾರೆ ಎಂಬ ಸಾಲು ಕಾಣುತ್ತದೆ. ಕೆಳಗೆ ಜನ "ಹೀಗೆಲ್ಲ ಮಾತಾಡಬಾರದು ಮೇಷ್ಟ್ರೇ" ಅಂತ ಬೈದದ್ದು ಹಾಗೇ ಇರುತ್ತದೆ. ಪೋಸ್ಟಿನ ಹಳೇ ಲಿಂಕ್ ಯಾರ ಹತ್ತಿರವಾದರೂ ಇದ್ದರೆ ಅದರ ಐಡಿಯಲ್ಲೇ ಸಮಯ ಅಡಗಿದೆ. 2010ರ ಕೊನೆಯಿಂದೀಚೆಗಿನ ಐಡಿಗಳಿಗೆ ಈ ಲೆಕ್ಕ ಹಿಡಿಯುತ್ತದೆ:

```
(id >> 22) + 1288834974657
```

ಬರುವ ಉತ್ತರ 1970ರಿಂದ ಎಣಿಸಿದ ಮಿಲಿಸೆಕೆಂಡುಗಳು. ಮಾತು ಸಿಗದಿದ್ದರೂ, ಯಾವ ದಿನ ಎಷ್ಟು ಹೊತ್ತಿಗೆ ಬರೆದರು ಅಂತ ಸಿಕ್ಕಿಬಿಡುತ್ತದೆ. ಇನ್ನು ಪ್ರೊಫೈಲ್ ಮೇಲೆ ಕಾಣುವ ಪೋಸ್ಟ್‌ಗಳ ಒಟ್ಟು ಲೆಕ್ಕ ಒಂದೇ ರಾತ್ರಿಯಲ್ಲಿ ಸಾವಿರಗಟ್ಟಲೆ ಇಳಿದರೆ ಯಾವ ಲೆಕ್ಕವೂ ಮಾಡಬೇಕಾಗಿಲ್ಲ, ಬರೀ ಕಣ್ಣಿಗೇ ಕಾಣುತ್ತದೆ.

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷಕ್ಕೆ 2013ರ ನವೆಂಬರ್‌ನಲ್ಲಿ ಆದದ್ದು ಇದೇ. 2010ರ ಚುನಾವಣೆವರೆಗಿನ ಹತ್ತು ವರ್ಷದ ಭಾಷಣಗಳನ್ನು ತಮ್ಮ ಸೈಟಿನಿಂದ ತೆಗೆದರು. ಜೊತೆಗೆ, ಯಾವ ಪುಟ ಮುಟ್ಟಬಾರದು ಅಂತ ಆರ್ಕೈವ್‌ನಂಥವರಿಗೆ ಹೇಳುವ `robots.txt` ಫೈಲಿನಲ್ಲಿ ತಡೆ ಹಾಕಿದ್ದರಿಂದ ವೇಬ್ಯಾಕ್ ಮಷಿನ್‌ನಲ್ಲಿದ್ದ ಹಳೇ ಪ್ರತಿಗಳೂ ಮರೆಯಾದವು. ಒಂದು ಪತ್ರಿಕೆ ಅದನ್ನು ಗಮನಿಸಿ ಬರೆಯಿತು. ಇಂಟರ್ನೆಟ್ಟಿನಿಂದ ರಾಜಕಾರಣಿಗಳು ಜನರಿಗೆ ಜಾಸ್ತಿ ಉತ್ತರ ಕೊಡಬೇಕಾಗುತ್ತದೆ ಎಂದು ಹೊಗಳಿದ್ದ ಭಾಷಣಗಳೂ ಹೋದವುಗಳ ಪೈಕಿ ಇದ್ದವು. ಅಲ್ಲಿಯವರೆಗೆ ಯಾರೂ ತಿರುಗಿ ನೋಡದಿದ್ದ ಭಾಷಣಗಳು ಅವತ್ತು ಸುದ್ದಿಯಾದವು.

ನಮ್ಮ ಮೇಷ್ಟ್ರ ಪೋಸ್ಟ್‌ಗಳಿಗೆ ವಾಪಸ್ ಬರುತ್ತೇನೆ. ಒರಟು ತಮಾಷೆಗಳನ್ನು ಇದ್ದಲ್ಲೇ ಬಿಟ್ಟೆವು. ಪ್ರತಿಯೊಂದರ ಕೆಳಗೂ ಅವರೇ ಉತ್ತರ ಬರೆದರು: "ಇದು ನಾನೇ ಬರೆದದ್ದು. ಈಗ ಹೀಗೆ ಬರೆಯುವುದಿಲ್ಲ. ಅವರ ಕ್ಷಮೆ ಕೇಳುತ್ತೇನೆ." ಹಿರಿಯರಿಗೆ ಸಿಟ್ಟು ಬಂತು. ಆದರೆ ಯಾರಾದರೂ ಅದರ ಫೋಟೋ ಹಿಡಿದು ಹಂಚಿದರೆ, ಕ್ಷಮೆ ಕೇಳಿದ ಲಿಂಕನ್ನೇ ಅಲ್ಲಿ ಹಾಕಬಹುದು. ಅಳಿಸಿದ ಪೋಸ್ಟಿಗೆ ಆ ಅನುಕೂಲ ಇಲ್ಲ. ಕಷಾಯದ ಸುಳ್ಳನ್ನು ಮಾತ್ರ ತೆಗೆಸಿದೆ, ಯಾಕೆಂದರೆ ಅದನ್ನು ನಂಬಿ ಯಾರಾದರೂ ಔಷಧಿ ಬಿಟ್ಟಾರು. ಆದರೆ ಸುಮ್ನೆ ತೆಗೆಯಲಿಲ್ಲ. ಯಾವ ಪೋಸ್ಟ್, ಯಾಕೆ, ಯಾವತ್ತು ತೆಗೆದೆ ಅಂತ ಅವತ್ತೇ ಅವರ ಹೆಸರಲ್ಲೇ ಒಂದು ಪೋಸ್ಟ್ ಹಾಕಿಸಿದೆ.

ಗುತ್ತಿಗೆದಾರರ ಮೇಲಿನ ಆರೋಪ ಜಾಸ್ತಿ ತೊಡಕಿನದು. ಬಿಟ್ಟರೆ ಮಾನಹಾನಿ ಮುಂದುವರಿಯುತ್ತಿದೆ ಅಂತ ಅವರ ವಕೀಲರು ಹೇಳುತ್ತಾರೆ. ತೆಗೆದರೆ ಸಾಕ್ಷ್ಯ ನಾಶ ಮಾಡಿದರು ಅಂತ ಅದೇ ವಕೀಲರು ಹೇಳಬಹುದು. ನೋಟಿಸ್ ಬಂದ ಮೇಲಂತೂ, ಈ ಪೋಸ್ಟ್ ಮುಂದೆ ಕೋರ್ಟಿಗೆ ಬೇಕಾಗಬಹುದು ಅಂತ ನನಗೆ ಗೊತ್ತೇ ಇರಲಿಲ್ಲ ಎನ್ನುವ ಮಾತು ನಡೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಹೆಸರೇ ಇದೆ. ಕೋರ್ಟಿನಲ್ಲಿ ಹಾಜರುಪಡಿಸಬೇಕಾಗಿ ಬರಬಹುದಾದ ದಾಖಲೆಯನ್ನು, ಅದು ಅಲ್ಲಿಗೆ ಬರಬಾರದು ಎಂಬ ಉದ್ದೇಶದಿಂದ ನಾಶ ಮಾಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಉದ್ದೇಶವೇ ಮುಖ್ಯ. ನೋಟಿಸ್ ಬಂದ ಮಾರನೇ ದಿನ ಗುಟ್ಟಾಗಿ ಅಳಿಸಿದರೆ ಉದ್ದೇಶ ಏನು ಅಂತ ಯಾರು ಬೇಕಾದರೂ ಊಹಿಸುತ್ತಾರೆ.

ಅಮೆರಿಕದ ವರ್ಜೀನಿಯಾದ ಒಂದು ಪ್ರಕರಣವನ್ನು ನಾನು ಇಂಥ ಕಡೆಯೆಲ್ಲ ಹೇಳುತ್ತೇನೆ. ಅದರಲ್ಲಿದ್ದವರು ರಾಜಕಾರಣಿಯಲ್ಲ, ಅಪಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡು ಪರಿಹಾರ ಕೇಳಿದ್ದ ಒಬ್ಬ ಗಂಡ. ಎದುರು ಪಕ್ಷದವರು ಫೇಸ್‌ಬುಕ್ ಫೋಟೋ ಕೇಳಿದಾಗ, ಗಂಡನ ವಕೀಲರ ಕಚೇರಿಯಿಂದಲೇ "ಪುಟ ಕ್ಲೀನ್ ಮಾಡಿ" ಅಂತ ಸೂಚನೆ ಹೋಯಿತು. ಅವರು 16 ಫೋಟೋ ಅಳಿಸಿದರು. ಆಮೇಲೆ ಅಷ್ಟೂ ಫೋಟೋ ವಾಪಸ್ ಸಿಕ್ಕವು. ಹಾಗಿದ್ದೂ ವಕೀಲರು 5,42,000 ಡಾಲರ್, ಕಕ್ಷಿದಾರರು 1,80,000 ಡಾಲರ್ ಕಟ್ಟಬೇಕಾಯಿತು. ಪ್ರಕರಣ ವರ್ಜೀನಿಯಾದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2013ರಲ್ಲಿ ಅಲ್ಲಿ ತೀರ್ಪು ಬಂತು. ಆ ಫೋಟೋಗಳು ಇದ್ದಿದ್ದರೆ ಇಷ್ಟು ದುಬಾರಿ ಆಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ನಾವು ಮಾಡಿದ್ದು ಹೀಗೆ. ಹ್ಯಾಶ್ ಹಾಕಿದ ಜಿಪ್ಪಿನ ಜೊತೆಗೆ ಆ ಪೋಸ್ಟಿನ ಪೂರ್ತಿ ಪುಟವನ್ನೂ, ಉತ್ತರಗಳ ಸಮೇತ, ಲಿಂಕ್ ಮತ್ತು ತಾರೀಕು ಕಾಣುವಂತೆ ಉಳಿಸಿದೆವು. ನಮ್ಮಲ್ಲಿ ಎಲೆಕ್ಟ್ರಾನಿಕ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ. ಮೊದಲ ದಿನವೇ ಹ್ಯಾಶ್ ತೆಗೆದದ್ದು ಇದಕ್ಕೆ. ಆಮೇಲೆ ನಮ್ಮ ವಕೀಲರು ಆ ಕಡೆಯ ವಕೀಲರಿಗೆ ಕಾಗದ ಬರೆದರು: ಪ್ರತಿ ಭದ್ರವಾಗಿದೆ, ಕೇಳಿದಾಗ ಕೊಡುತ್ತೇವೆ, ಇಂಥ ದಿನ ಪೋಸ್ಟನ್ನು ಸಾರ್ವಜನಿಕರಿಗೆ ಕಾಣದಂತೆ ತೆಗೆಯುತ್ತೇವೆ, ಆಕ್ಷೇಪಣೆ ಇದ್ದರೆ ತಿಳಿಸಿ. ಅವರಿಂದ ಒಪ್ಪಿಗೆಯ ಉತ್ತರ ಬಂದ ಮೇಲೆಯೇ ಅಳಿಸಿದ್ದು. ಆರೋಪ ಸರಿಯೋ ತಪ್ಪೋ ಎಂಬುದು ಕೋರ್ಟಿನ ವಿಷಯ, ಅದರಲ್ಲಿ ನನ್ನ ಕೈವಾಡ ಏನೂ ಇಲ್ಲ.

ಇಷ್ಟೆಲ್ಲ ಆದ ಮೇಲೆ, ಪ್ರಚಾರ ಜೋರಾಗಿದ್ದಾಗ ಒಂದು ಸ್ಕ್ರೀನ್‌ಶಾಟ್ ಹರಿದಾಡಿತು. ಮೇಷ್ಟ್ರು 2014ರಲ್ಲಿ ಒಂದು ಸಮುದಾಯವನ್ನು ಬೈದು ಬರೆದಿದ್ದರು, ಈಗ ಅಳಿಸಿದ್ದಾರೆ ಅಂತ. ಅವರು ಬರೆದದ್ದಲ್ಲ. ಪೂರ್ತಿ ಖಾತೆ ಅಳಿಸಿದ್ದಿದ್ದರೆ ನಮ್ಮ ಬಾಯಿ ಕಟ್ಟಿಹೋಗುತ್ತಿತ್ತು, ಯಾಕೆಂದರೆ ಖಾಲಿ ಜಾಗದಲ್ಲಿ ಯಾರು ಏನು ಬೇಕಾದರೂ ತುಂಬಬಹುದು. ನಮ್ಮ ಜಿಪ್ ತೋರಿಸಿ "ಇದರಲ್ಲಿ ಇಲ್ಲ ನೋಡಿ" ಅಂದರೆ ಜನ ನಂಬುವುದಿಲ್ಲ. ಅದು ನಮ್ಮದೇ ಫೈಲ್ ತಾನೆ. ಆದರೆ 2014ರ ಅವರ ಪೋಸ್ಟ್‌ಗಳು, ಒರಟು ತಮಾಷೆಗಳ ಸಮೇತ, ಎಲ್ಲರಿಗೂ ಕಾಣುವಂತೆ ಅಲ್ಲೇ ಇದ್ದವು. ಮುಜುಗರದವುಗಳನ್ನೇ ಬಿಟ್ಟವರು ಇದೊಂದನ್ನು ಯಾಕೆ ಅಳಿಸುತ್ತಾರೆ ಅಂತ ಒಬ್ಬ ಪತ್ರಕರ್ತರೇ ಕೇಳಿದರು.

ಇನ್ನೊಂದು ಪರೀಕ್ಷೆಯೂ ಇತ್ತು. 2017ರ ನವೆಂಬರ್‌ಗೆ ಮೊದಲು ಟ್ವಿಟರ್‌ನಲ್ಲಿ ಒಂದು ಪೋಸ್ಟಿಗೆ 140 ಅಕ್ಷರವಷ್ಟೇ. ಕನ್ನಡದಲ್ಲಿ ಇದು ಇನ್ನೂ ಬೇಗ ಮುಗಿಯುತ್ತದೆ, ಗುಣಿತ ಒತ್ತುಗಳೂ ಲೆಕ್ಕಕ್ಕೆ ಬರುತ್ತವೆ. ನಾವು ಒಂದು ಅಂತ ಓದುವ "ಕ್ಷಿ" ಅಲ್ಲಿ ನಾಲ್ಕು. ಆ ಸ್ಕ್ರೀನ್‌ಶಾಟಿನ ಮಾತನ್ನು ಟೈಪ್ ಮಾಡಿ ಎಣಿಸಿದರೆ 140 ದಾಟಿ ಎಷ್ಟೋ ಮುಂದಕ್ಕೆ ಹೋಯಿತು. 2014ರಲ್ಲಿ ಅಂಥ ಪೋಸ್ಟ್ ಹಾಕುವುದಕ್ಕೇ ಆಗುತ್ತಿರಲಿಲ್ಲ. ಕಟ್ಟುಕಥೆ ಮಾಡಿದವರು ಚಿಕ್ಕದಾಗಿ ಬರೆದಿದ್ದರೆ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಆಗ ಉಳಿದ ಪೋಸ್ಟ್‌ಗಳೇ ಗತಿ.

ಈಗ ಕೆಲಸ ಒಪ್ಪಿಕೊಂಡ ದಿನವೇ ಖಾತೆಯ ಪಾಸ್‌ವರ್ಡ್ ಬದಲಾಯಿಸಿ, ಅದು ಯಾರ್‍ಯಾರ ಫೋನಿನಲ್ಲಿ ತೆರೆದಿದೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಎಲ್ಲವನ್ನೂ ಲಾಗೌಟ್ ಮಾಡಿಸುತ್ತೇನೆ. ನಾಯಕರಿಗೆ ಒಳ್ಳೆಯದಾಗಲಿ ಅಂತ ಯಾರನ್ನೂ ಕೇಳದೆ ರಾತ್ರೋರಾತ್ರಿ ಹಳೇ ಪೋಸ್ಟ್ ಅಳಿಸುವ ಕಾರ್ಯಕರ್ತರು ಎಲ್ಲ ಕಡೆ ಒಬ್ಬರಾದರೂ ಇರುತ್ತಾರೆ. ಹಾಗೆ ಹೋದದ್ದಕ್ಕೂ ಉತ್ತರ ಕೊಡಬೇಕಾದವರು ಖಾತೆಯ ಮೇಲೆ ಹೆಸರಿರುವ ಅಭ್ಯರ್ಥಿಯೇ.