ಭಾರ ಎತ್ತಿದ ಮೇಲೆ ಸೊಂಟ ನೋವು: ಉಳುಕೋ, ಸಯಾಟಿಕಾವೋ, ಸ್ಕ್ಯಾನ್ ಬೇಕಾದದ್ದೋ?

ಭಾರವಾದ ಪೆಟ್ಟಿಗೆಯನ್ನೋ ಮೂಟೆಯನ್ನೋ ಬಗ್ಗಿ ಎತ್ತಿ, ಪಕ್ಕಕ್ಕೆ ತಿರುಗುವಷ್ಟರಲ್ಲಿ ಸೊಂಟ ಹಿಡಿದುಕೊಂಡರೆ, ಮರುದಿನವೇ ಎಂಆರ್‌ಐ ಮಾಡಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಬಹುಪಾಲು ಜನರಿಗೆ ಅದರ ಅಗತ್ಯವಿರುವುದಿಲ್ಲ. ಅಗತ್ಯವಿರುವ ಕೆಲವರಿಗಾದರೋ ಅದು ಅದೇ ದಿನ ಆಗಬೇಕಾಗುತ್ತದೆ. ಇವರಲ್ಲಿ ತಾವು ಯಾವ ಗುಂಪಿಗೆ ಸೇರಿದವರೆಂದು ತಿಳಿಯಲು ನೋವಿನ ತೀವ್ರತೆಯನ್ನು ನಂಬುವಂತಿಲ್ಲ. ಹಾಸಿಗೆಯಿಂದ ಏಳಲೂ ಬಿಡದ ನೋವು ಬರಿಯ ಸ್ನಾಯುವಿನ ಬಿಗಿತವಾಗಿರಬಹುದು, ಸಾಧಾರಣವೆನಿಸುವ ನೋವಿನ ಹಿಂದೆ ನರ ಗಂಭೀರವಾಗಿ ಒತ್ತಿಹೋಗಿರಬಹುದು. ಆದ್ದರಿಂದ ಈ ಕೆಳಗಿನ ಪರಿಶೀಲನೆಯನ್ನು ಇದೇ ಕ್ರಮದಲ್ಲಿ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಕೇಳಿಕೊಳ್ಳಬೇಕಾದದ್ದು

ಬೆನ್ನುಮೂಳೆಯ ಕೆಳಭಾಗದಲ್ಲಿ ನರಗಳು ಒಂದು ಗೊಂಚಲಾಗಿ ಇಳಿಯುತ್ತವೆ. ಮೂತ್ರಕೋಶ, ಮಲದ್ವಾರ ಮತ್ತು ಜನನಾಂಗಗಳಿಗೆ ಹೋಗುವ ನರಗಳೂ ಅವುಗಳಲ್ಲಿ ಸೇರಿವೆ. ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆಯಾದ ಡಿಸ್ಕ್ ದೊಡ್ಡದಾಗಿ ಹೊರಚಾಚಿ ಈ ಇಡೀ ಗೊಂಚಲನ್ನು ಒತ್ತಿದಾಗ ಉಂಟಾಗುವ ಸ್ಥಿತಿಯನ್ನು ವೈದ್ಯರು ಕಾಡಾ ಈಕ್ವಿನಾ ಸಿಂಡ್ರೋಮ್ ಎನ್ನುತ್ತಾರೆ. ತೊಡೆಗಳ ಸಂದು ಮತ್ತು ಮಲದ್ವಾರದ ಸುತ್ತ, ಅಂದರೆ ಸೈಕಲ್ಲಿನ ಸೀಟು ತಾಗುವ ಭಾಗದಲ್ಲಿ, ಸ್ಪರ್ಶ ಮಂದವಾಗುವುದು ಇದರ ಮುಖ್ಯ ಸುಳಿವು. ಮೂತ್ರ ಹೊರಡಲು ತಡವಾಗುವುದು, ಮೂತ್ರಕೋಶ ತುಂಬಿದ್ದರೂ ಗೊತ್ತಾಗದಿರುವುದು, ಅರಿವಿಲ್ಲದೆ ಮೂತ್ರ ಅಥವಾ ಮಲ ಹೋಗುವುದು, ಎರಡೂ ಕಾಲುಗಳಿಗೆ ಒಟ್ಟಿಗೆ ನೋವು ಅಥವಾ ಬಲಹೀನತೆ ಬರುವುದು ಉಳಿದ ಸುಳಿವುಗಳು.

ಸಂಕೋಚದಿಂದಾಗಿ ಇವನ್ನು ರೋಗಿಗಳು ತಾವಾಗಿ ಹೇಳುವುದು ಕಡಿಮೆ. ನೋವಿನಿಂದಾಗಿಯೋ ಮಾತ್ರೆಯಿಂದಾಗಿಯೋ ಮೂತ್ರ ಕಟ್ಟಿರಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಕಾಯುವುದು ಅಪಾಯಕರ. ಮೇಲಿನವುಗಳಲ್ಲಿ ಒಂದು ಹೊಸದಾಗಿ ಕಾಣಿಸಿಕೊಂಡರೂ ಅದೇ ದಿನ, ರಾತ್ರಿಯಾಗಿದ್ದರೂ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಅಲ್ಲಿ ಎಂಆರ್‌ಐ ತಡವಿಲ್ಲದೆ ಆಗಬೇಕು. ಒತ್ತಡ ದೃಢಪಟ್ಟರೆ ಶಸ್ತ್ರಚಿಕಿತ್ಸೆಯೂ ಬೇಗ ಆಗಬೇಕು, ಏಕೆಂದರೆ ತಡವಾದಷ್ಟೂ ಮೂತ್ರದ ಹತೋಟಿ ಮರಳುವ ಸಾಧ್ಯತೆ ಕುಗ್ಗುತ್ತದೆ.

ನೋವಿನ ದಾರಿಯನ್ನು ಬೆರಳಿನಿಂದ ತೋರಿಸಿ

ಈ ಸುಳಿವುಗಳಿಲ್ಲದಿದ್ದರೆ, ನೋವು ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲುತ್ತದೆಂದು ಬೆರಳಿನಿಂದ ಗುರುತಿಸಿಕೊಳ್ಳಬೇಕು. ಸ್ನಾಯು ಉಳುಕಿದಾಗ ನೋವು ಸೊಂಟದ ಒಂದು ಅಥವಾ ಎರಡೂ ಬದಿಯಲ್ಲಿ ಅಗಲವಾಗಿ ಹರಡಿರುತ್ತದೆ, ಪೃಷ್ಠದವರೆಗೆ, ಕೆಲವೊಮ್ಮೆ ತೊಡೆಯ ಮೇಲ್ಭಾಗದವರೆಗೆ ಇಳಿಯಬಹುದು, ಆದರೆ ಸಾಮಾನ್ಯವಾಗಿ ಮೊಣಕಾಲನ್ನು ದಾಟುವುದಿಲ್ಲ. ಒತ್ತಿದರೆ ಸ್ನಾಯು ಗಟ್ಟಿಯಾಗಿ ಸಿಗುತ್ತದೆ, ಬಗ್ಗಿದಾಗ ಮತ್ತು ಮಗ್ಗುಲು ಬದಲಿಸಿದಾಗ ಹಿಡಿಯುತ್ತದೆ, ಮಲಗಿದರೆ ಸಡಿಲವಾಗುತ್ತದೆ.

ಸೊಂಟದಿಂದ ಕಾಲಿಗೆ ಇಳಿಯುವ ನರದ ಬೇರು ಒತ್ತಿಹೋದಾಗ ಬರುವ ಸಯಾಟಿಕಾದಲ್ಲಿ ಸೊಂಟಕ್ಕಿಂತ ಕಾಲಿನ ನೋವೇ ಹೆಚ್ಚು. ಅದು ಒಂದೇ ಕಾಲಿನಲ್ಲಿ, ಒಂದು ಕಿರಿದಾದ ಪಟ್ಟಿಯಂತೆ, ಮೊಣಕಾಲಿನ ಕೆಳಕ್ಕೂ ಚಳುಕಿನಂತೆ ಹರಿಯುತ್ತದೆ. ಕೆಮ್ಮಿದರೆ, ಸೀನಿದರೆ, ಬಹಳ ಹೊತ್ತು ಕುಳಿತರೆ ಹೆಚ್ಚಾಗುತ್ತದೆ, ಜೊತೆಗೆ ಜುಮ್ಮೆನ್ನುವುದು ಅಥವಾ ಮರಗಟ್ಟುವುದೂ ಇರಬಹುದು. ಹೀಗೆ ಒತ್ತಿಹೋಗುವ ನರಬೇರುಗಳಲ್ಲಿ ಎರಡು ಬಹಳ ಸಾಮಾನ್ಯ. ನೋವು ಕಾಲಿನ ಹೊರಬದಿಯಿಂದ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿನತ್ತ ಹೋದರೆ ಎಲ್5 ಎಂಬ ನರಬೇರಿನ ಮೇಲೆ ಅನುಮಾನ. ಮೀನಖಂಡದ ಹಿಂಬದಿಯಿಂದ ಪಾದದ ಹೊರ ಅಂಚಿಗೆ, ಕಿರುಬೆರಳಿನತ್ತ ಹೋದರೆ ಎಸ್1 ಮೇಲೆ. ನಾನು ಹೇಳುವುದಾದರೆ, ವೈದ್ಯರ ಬಳಿ ‘ಕಾಲೆಲ್ಲಾ ನೋವು’ ಎನ್ನುವುದಕ್ಕಿಂತ ಈ ದಾರಿಯನ್ನು ಬೆರಳಿನಿಂದ ತೋರಿಸುವುದು ಹೆಚ್ಚು ಉಪಯುಕ್ತ.

ಪಾದದ ಬಲವನ್ನು ಪರೀಕ್ಷಿಸಿ

ಯಾರಾದರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬರಿಗಾಲಿನಲ್ಲಿ, ಮುಂಗಾಲನ್ನು ಮೇಲೆತ್ತಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಒಂದು ಮುಂಗಾಲು ಮಾತ್ರ ಪದೇ ಪದೇ ನೆಲಕ್ಕೆ ಬೀಳುತ್ತಿದ್ದರೆ ಎಲ್5 ದುರ್ಬಲವಾಗಿರಬಹುದು. ಬಳಿಕ ಗೋಡೆ ಹಿಡಿದು, ಒಂದೊಂದೇ ಕಾಲಿನ ಮೇಲೆ ತುದಿಗಾಲಿನಲ್ಲಿ ಹಲವು ಬಾರಿ ಏಳಿರಿ. ಒಂದು ಕಾಲು ಬೇಗ ಸೋತರೆ ಎಸ್1 ನೆನಪಾಗಬೇಕು. ನೋವಿನ ಭಯದಿಂದ ಕಾಲು ಊರದಿರುವುದಕ್ಕೂ ಬಲವೇ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಅನುಮಾನವಿದ್ದರೆ ಮಲಗಿಕೊಂಡು, ಇನ್ನೊಬ್ಬರು ಕೈಯಿಂದ ಒತ್ತಿ ಹಿಡಿದಾಗ ಎರಡೂ ಹೆಬ್ಬೆರಳುಗಳನ್ನು ಮೇಲಕ್ಕೆತ್ತಿ, ಎರಡು ಬದಿಯನ್ನೂ ಹೋಲಿಸಬಹುದು.

ವೈದ್ಯರು ಇದರ ಜೊತೆಗೆ, ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡುತ್ತಾರೆ. ಸುಮಾರು 30ರಿಂದ 70 ಡಿಗ್ರಿಯೊಳಗೆ ಮೊಣಕಾಲಿನ ಕೆಳಗೂ ಚಳುಕು ಹರಿದರೆ ನರವೆಂದು ಭಾವಿಸಲು ಕಾರಣವಿದೆ. ತೊಡೆಯ ಹಿಂಬದಿ ಮಾತ್ರ ಎಳೆದಂತಾದರೆ ಅದು ಸಾಮಾನ್ಯವಾಗಿ ಅಲ್ಲಿಯ ಸ್ನಾಯುವಿನ ಬಿಗಿತ.

ಒಂದು ಉದಾಹರಣೆ

42 ವರ್ಷದ ಒಬ್ಬರು ನೀರು ತುಂಬಿದ ಡ್ರಮ್ಮನ್ನು ಎತ್ತಿದರೆಂದು ಭಾವಿಸೋಣ. ಮೊದಲ ದಿನ ಸೊಂಟದಲ್ಲಿ ಮಾತ್ರ ಹಿಡಿತ. ಮೂರನೆಯ ದಿನ ಸೊಂಟ ಸ್ವಲ್ಪ ಸಡಿಲವಾಗಿ, ಎಡಗಾಲಿನ ಹೊರಬದಿಯಲ್ಲಿ ಚಳುಕು, ಹೆಬ್ಬೆರಳಿನಲ್ಲಿ ಜುಮ್ಮು. ಮೂತ್ರದ ತೊಂದರೆಯಿಲ್ಲ, ಹಿಮ್ಮಡಿಯ ನಡಿಗೆ ಎರಡೂ ಬದಿ ಸಮವಾಗಿದೆ. ಇದು ಎಲ್5 ಸಯಾಟಿಕಾ ಇರಬಹುದು, ವೈದ್ಯರು ಒಮ್ಮೆ ನೋಡಬೇಕು, ಆದರೆ ಸ್ಕ್ಯಾನಿಗೆ ಅವಸರವಿಲ್ಲ. ಹಾಸಿಗೆಯಲ್ಲೇ ಉಳಿಯದೆ ತಾಳಿಕೊಳ್ಳುವಷ್ಟು ದೂರ ದಿನಕ್ಕೆ ಹಲವು ಸಲ ನಡೆಯುವುದು, ಮಲಗಿದಾಗ ಮೊಣಕಾಲಿನ ಕೆಳಗೆ ದಿಂಬು ಇಡುವುದು, ಬಿಸಿ ಶಾಖ ಕೊಡುವುದು, ಭಾರ ಎತ್ತುವುದನ್ನು ಬಿಡುವುದು ಸದ್ಯಕ್ಕೆ ಸಾಕು. ಐಬುಪ್ರೊಫೇನ್‌ನಂತಹ ಮಾತ್ರೆ ನೋವನ್ನು ತಗ್ಗಿಸಬಹುದು, ಆದರೆ ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಇರುವವರು ಮತ್ತು ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಅದನ್ನು ತಾವಾಗಿ ತೆಗೆದುಕೊಳ್ಳಬಾರದು.

ಹತ್ತನೆಯ ದಿನ ಅವರ ಎಡಪಾದ ನಡೆಯುವಾಗ ನೆಲಕ್ಕೆ ಪಟಪಟನೆ ಬಡಿಯತೊಡಗಿದರೆ ಲೆಕ್ಕ ಬದಲಾಗುತ್ತದೆ. ಆಗ ನೋವು ಕಡಿಮೆಯಾಗಿದ್ದರೂ ಅದನ್ನು ಗುಣವೆಂದು ತಿಳಿಯಬಾರದು. ಬಲ ಕುಗ್ಗುತ್ತಿರುವುದರಿಂದ ತುರ್ತಾಗಿ ಎಂಆರ್‌ಐ ಮತ್ತು ಬೆನ್ನುಮೂಳೆ ತಜ್ಞರ ಸಲಹೆ ಬೇಕು. ಹಾಗಾಗದೆ ನೋವಷ್ಟೇ ಉಳಿದಿದ್ದರೆ ಸುಮಾರು ಆರು ವಾರ ಕಾಯಬಹುದು. ಸ್ನಾಯು ಉಳುಕು ಸಾಮಾನ್ಯವಾಗಿ ಇಷ್ಟರೊಳಗೆ ಇಳಿಯುತ್ತದೆ. ಸಯಾಟಿಕಾ ಇನ್ನಷ್ಟು ಕಾಲ ತೆಗೆದುಕೊಂಡರೂ, ಹೊರಚಾಚಿದ ಡಿಸ್ಕ್ ಭಾಗವನ್ನು ದೇಹವೇ ಎಷ್ಟೋ ಬಾರಿ ಕರಗಿಸಿಬಿಡುತ್ತದೆ. ಆರು ವಾರಗಳ ಬಳಿಕವೂ ಕಾಲಿನ ನೋವು ಬಿಡದೆ, ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಆಗ ಸ್ಕ್ಯಾನಿಗೆ ಅರ್ಥವಿದೆ.

ನರದ ಲಕ್ಷಣವಿಲ್ಲದಿದ್ದರೂ ಕಾಯಬಾರದವರು ಇದ್ದಾರೆ. ಜ್ವರ, ಹಿಂದೆ ಕ್ಯಾನ್ಸರ್ ಆಗಿದ್ದುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇವುಗಳಿದ್ದರೆ ಬೇಗ ತಪಾಸಣೆ ಆಗಬೇಕು. ವಯಸ್ಸಾದವರಲ್ಲಿ, ಮೂಳೆ ಸವೆದವರಲ್ಲಿ ಅಥವಾ ಬಹುಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ ಸಣ್ಣ ಭಾರಕ್ಕೂ ಬೆನ್ನೆಲುಬು ಕುಸಿಯಬಹುದು; ಅಲ್ಲಿ ಮೊದಲು ಎಕ್ಸ್‌ರೇ ಸಾಕು. ಉಳಿದವರಿಗೆ ಎಕ್ಸ್‌ರೇ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ಡಿಸ್ಕೂ ನರವೂ ಕಾಣುವುದಿಲ್ಲ.

ಅನಗತ್ಯ ಎಂಆರ್‌ಐಗೆ ಇನ್ನೊಂದು ತೊಡಕಿದೆ. ಎಂದೂ ಸೊಂಟ ನೋವು ಬಾರದವರಲ್ಲೂ, 20ರ ವಯಸ್ಸಿನಲ್ಲೇ ಸುಮಾರು ಮೂರರಲ್ಲಿ ಒಬ್ಬರಿಗೆ, ಉಬ್ಬಿದ ಡಿಸ್ಕ್ ಸ್ಕ್ಯಾನಿನಲ್ಲಿ ಕಾಣುತ್ತದೆ. ವಯಸ್ಸಾದಂತೆ ಈ ಪ್ರಮಾಣ ಏರುತ್ತದೆ. ಆದ್ದರಿಂದ ವರದಿಯಲ್ಲಿ ಬಲಬದಿಯ ಡಿಸ್ಕ್ ಉಬ್ಬಿದೆ ಎಂದಿದ್ದು, ನೋವು ಎಡಗಾಲಿನಲ್ಲಿದ್ದರೆ, ಆ ಉಬ್ಬನ್ನು ನೋವಿನ ಕಾರಣವೆಂದು ಒಪ್ಪಿಕೊಳ್ಳುವ ಮೊದಲು ಎರಡೂ ಏಕೆ ಹೊಂದುತ್ತಿಲ್ಲವೆಂದು ವೈದ್ಯರನ್ನು ಕೇಳಬೇಕು.